ಸಂದರ್ಶನದ ದಿನವೇ ಪರೀಕ್ಷೆ ಬಿದ್ದರೆ: ಬೇರೆ ಸಮಯ ಕೇಳುವ ಪತ್ರ ಬರೆಯುವುದು ಹೇಗೆ?

ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಹಲವರು ಓದಿನ ಜೊತೆಗೆ ಕೆಲಸಕ್ಕೂ ಅರ್ಜಿ ಹಾಕುತ್ತಾರೆ. ಆಡಿಟರ್ ಕಚೇರಿ, ಬಟ್ಟೆ ಅಂಗಡಿಯ ಬಿಲ್ಲಿಂಗ್, ಡೇಟಾ ಎಂಟ್ರಿ, ಟ್ಯಾಲಿ ಗೊತ್ತಿದ್ದವರಿಗೆ ಲೆಕ್ಕ ಬರೆಯುವ ಕೆಲಸ. ಅರ್ಜಿ ಹಾಕಿದವರಿಗೆ ಒಂದು ದಿನ ಸಂದರ್ಶನದ ಇಮೇಲ್ ಬರುತ್ತದೆ, ಅದೇ ದಿನ ಅದೇ ಹೊತ್ತಿಗೆ ಪರೀಕ್ಷೆ ಇರುತ್ತದೆ. ಪರೀಕ್ಷೆ ಬಿಡುವ ಹಾಗಿಲ್ಲ. ಸಂದರ್ಶನಕ್ಕೆ ಹೇಳದೆ ಕೇಳದೆ ಹೋಗದಿದ್ದರೆ ಆ ಕಚೇರಿ ಮತ್ತೆ ಕರೆಯುವುದಿಲ್ಲ. ಉಳಿದ ದಾರಿ ಒಂದೇ, ಬೇರೆ ಸಮಯ ಕೊಡಿ ಎಂದು ಕೇಳುವುದು. ಕೇಳುವ ರೀತಿಯ ಮೇಲೆ ಸಿಗುವ ಉತ್ತರ ನಿಂತಿರುತ್ತದೆ.

ಈ ವಿಷಯ ನನಗೆ ತಿಳಿದದ್ದು ಇಬ್ಬರಿಂದ. ಒಬ್ಬ ನನ್ನ ಭಾಯ್, ಬಿ.ಕಾಂ. ಕೊನೆಯ ಸೆಮಿಸ್ಟರ್ ವಿದ್ಯಾರ್ಥಿ. ಇನ್ನೊಬ್ಬರು ನನ್ನ ಖಾಲಾ. ಅವರು ಒಂದು ಗಾರ್ಮೆಂಟ್ ಕಾರ್ಖಾನೆಯ ಎಚ್.ಆರ್. ವಿಭಾಗದಲ್ಲಿ ಕೆಲಸ ಮಾಡುತ್ತಾರೆ, ಇಂತಹ ಪತ್ರಗಳು ಅವರ ಕೈಗೇ ಬರುತ್ತವೆ. ಬರೆಯುವವರ ಕಡೆ ಮತ್ತು ಓದುವವರ ಕಡೆ ಎರಡನ್ನೂ ಇಲ್ಲಿ ಹೇಳುತ್ತೇನೆ.

ಆ ಕಡೆ ಏನು ನಡೆಯುತ್ತದೆ?

ನಾವು ಅಂದುಕೊಳ್ಳುವುದು, ಸಂದರ್ಶನದ ಸಮಯವನ್ನು ಒಬ್ಬರು ಕೂತು ಬರೆದುಬಿಡುತ್ತಾರೆ, ಅದನ್ನು ಬದಲಿಸುವುದೂ ಒಂದು ನಿಮಿಷದ ಕೆಲಸ ಎಂದು. ಹಾಗಲ್ಲ. ಖಾಲಾ ಅವರ ಕಾರ್ಖಾನೆಯಲ್ಲಿ ಒಂದು ಬೆಳಿಗ್ಗೆ ಐದು ಜನರನ್ನು ಕರೆದರೆ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಪ್ರಶ್ನೆ ಕೇಳಲು ಖಾಲಾ ಮತ್ತು ಅಕೌಂಟ್ಸ್ ಮ್ಯಾನೇಜರ್ ಇಬ್ಬರೂ ಇರಬೇಕು. ಆ ಎರಡೂವರೆ ಗಂಟೆ ಅವರು ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿರುವುದಿಲ್ಲ. ಒಬ್ಬರು ಸಮಯ ಬದಲಿಸಿ ಎಂದರೆ ಖಾಲಾ ಮತ್ತೆ ಮ್ಯಾನೇಜರ್ ಹತ್ತಿರ ಹೋಗಿ, ಅವರ ಬಿಡುವು ಕೇಳಿ, ಅಭ್ಯರ್ಥಿಗೆ ಬರೆದು, ಅಭ್ಯರ್ಥಿ ಒಪ್ಪದಿದ್ದರೆ ಮತ್ತೆ ಮ್ಯಾನೇಜರ್ ಹತ್ತಿರ ಹೋಗಬೇಕು.

"ನೋಡು ಬೇಟಾ, ಸಮಯ ಬದಲಿಸಿ ಅಂದರೆ ನಮಗೆ ಕೋಪ ಬರೋದಿಲ್ಲ. ಪರೀಕ್ಷೆ ಎಲ್ಲರಿಗೂ ಇರುತ್ತೆ. ಆದರೆ 'ಮುಂದಿನ ವಾರ ಯಾವಾಗಾದರೂ ಆಗುತ್ತೆ ಮೇಡಂ' ಅಂತ ಬರೆದರೆ ನನಗೆ ನಾಲ್ಕು ಸಲ ಕೆಲಸ" ಎಂದರು ಖಾಲಾ.

ನಮಗೆ 'ಯಾವಾಗಾದರೂ ಆಗುತ್ತದೆ' ಎಂಬುದು ವಿನಯದ ಮಾತಾಗಿ ಕೇಳುತ್ತದೆ. ಓದುವವರಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಅವರು ಒಂದು ಸಮಯ ಹೇಳಿದಾಗ 'ಕ್ಷಮಿಸಿ, ಅಂದು ಇನ್ನೊಂದು ಪೇಪರ್ ಇದೆ' ಎಂಬ ಉತ್ತರ ಬರುತ್ತದೆ. ಆದ್ದರಿಂದ ಪತ್ರದಲ್ಲಿ ಎರಡು ಅಥವಾ ಮೂರು ಸ್ಪಷ್ಟ ಸಮಯಗಳಿರಬೇಕು. ಒಂದೇ ಸಮಯ ಕೊಟ್ಟರೆ ಆಜ್ಞೆ ಮಾಡಿದಂತೆ. ಆರು ಕೊಟ್ಟರೆ ಯಾರೂ ಪೂರ್ತಿ ಓದುವುದಿಲ್ಲ.

ಭಾಯ್‌ಗೆ ಬಂದ ಇಮೇಲ್

ಭಾಯ್ ಒಂದು ಆಡಿಟರ್ ಕಚೇರಿಗೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಜೂನ್ 11, ಗುರುವಾರ ಸಂಜೆ ಇಮೇಲ್ ಬಂತು. ಜೂನ್ 16, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಸಂದರ್ಶನ. ಅದೇ ದಿನ ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ ಅವನ ಸೆಮಿಸ್ಟರ್ ಪರೀಕ್ಷೆ. 18ರ ಗುರುವಾರ ಇನ್ನೊಂದು ಪೇಪರ್. ಈ ಕೆಲಸ ಸಿಕ್ಕರೆ ಅವನ ಮೊದಲ ಸಂಬಳದಿಂದಲೇ ನನ್ನ ಸಿ.ಎ. ಫೌಂಡೇಷನ್ ಕೋಚಿಂಗ್ ಫೀಸ್ ಕಟ್ಟುವುದೆಂದು ಮನೆಯಲ್ಲಿ ಮಾತಾಗಿತ್ತು. ಆದ್ದರಿಂದ ಆ ಇಮೇಲನ್ನು ಅವನಷ್ಟೇ ಗಮನವಿಟ್ಟು ನಾನೂ ಓದಿದೆ.

ಗುರುವಾರದಿಂದ ಮಂಗಳವಾರಕ್ಕೆ ಐದು ದಿನ ಇದೆ, ನಿಧಾನವಾಗಿ ಬರೆದರಾಯಿತು ಎನಿಸುತ್ತದೆ. ಎಣಿಸಿ ನೋಡಿ. 13ನೇ ತಾರೀಖು ಎರಡನೇ ಶನಿವಾರ, 14 ಭಾನುವಾರ. ಕಚೇರಿ ತೆರೆದಿರುವುದು ಶುಕ್ರವಾರ ಮತ್ತು ಸೋಮವಾರ ಮಾತ್ರ. ಸೋಮವಾರ ಕೇಳಿದರೆ ಹಿಂದಿನ ದಿನ ಕೇಳಿದಂತೆ. ಶುಕ್ರವಾರ ಬೆಳಿಗ್ಗೆಯೇ ಕೇಳಿದರೆ ಆ 11 ಗಂಟೆಯ ಸಮಯವನ್ನು ಅವರು ಇನ್ನೊಬ್ಬ ಅಭ್ಯರ್ಥಿಗೆ ಕೊಡಬಹುದು. ಬೇಗ ತಿಳಿಸುವುದರಿಂದ ಅವರಿಗೆ ಆಗುವ ಉಪಕಾರ ಅದು. ಸಂದರ್ಶನಕ್ಕೆ ಒಂದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಇಮೇಲ್ ಮಾತ್ರ ಸಾಲದು. ಮೊದಲು ಫೋನ್ ಮಾಡಿ ಹೇಳಬೇಕು, ನಂತರ ಅದನ್ನೇ ಇಮೇಲ್‌ನಲ್ಲಿ ಬರೆಯಬೇಕು.

ಸಮಯಗಳನ್ನು ಆರಿಸಿದ್ದು ಹೇಗೆ?

ಪತ್ರ ಬರೆಯುವ ಮೊದಲು ಭಾಯ್ ಒಂದು ಹಾಳೆಯಲ್ಲಿ 16ರಿಂದ 22ರವರೆಗಿನ ದಿನಗಳನ್ನು ಬರೆದುಕೊಂಡ.

16ರ ಮಂಗಳವಾರ 1 ಗಂಟೆಗೆ ಪರೀಕ್ಷೆ ಮುಗಿಯುತ್ತದೆ. ಪರೀಕ್ಷಾ ಕೇಂದ್ರದಿಂದ ಕಚೇರಿಗೆ ಬಸ್ಸಿನಲ್ಲಿ ಸುಮಾರು 40 ನಿಮಿಷ. ಊಟ, ನಮಾಜು, ಬಸ್ಸು ತಡವಾಗುವುದು ಎಲ್ಲಾ ಸೇರಿಸಿದರೆ 3 ಗಂಟೆಗೆ ನಿಶ್ಚಿಂತೆಯಿಂದ ತಲುಪಬಹುದು. 2 ಗಂಟೆ ಎಂದು ಬರೆದು ಓಡಿ ಹೋಗುವುದಕ್ಕಿಂತ 3 ಎಂದು ಬರೆಯುವುದು ಒಳ್ಳೆಯದು. ಅದೇ ದಿನದ ಸಮಯವನ್ನು ಮೊದಲು ಕೊಡುವುದಕ್ಕೆ ಕಾರಣವಿದೆ. ಸಂದರ್ಶನ ಮಾಡುವವರು ಅಂದು ಹೇಗೂ ಬಂದಿರುತ್ತಾರೆ, ಎಲ್ಲಾ ಅಭ್ಯರ್ಥಿಗಳನ್ನು ಒಂದೇ ದಿನ ನೋಡಿದಂತಾಗುತ್ತದೆ.

17ರ ಬುಧವಾರ ಪರೀಕ್ಷೆ ಇಲ್ಲ. ಆದರೆ ಬುಧವಾರ ನಮ್ಮ ಅಂಗಡಿಗೆ ಮಾಲು ಬರುವ ದಿನ, ಇಳಿಸಿಕೊಳ್ಳಲು ಭಾಯ್ ಇರಬೇಕು. ಅವನು ಅಬ್ಬಾ ಅವರನ್ನು ಕೇಳಿ, ಅವರು 'ನಾನು ನೋಡಿಕೊಳ್ಳುತ್ತೇನೆ' ಎಂದ ಮೇಲೆಯೇ ಆ ದಿನವನ್ನು ಬರೆದ. ನಾವು ಬರೆದುಕೊಡುವ ಪ್ರತಿ ಸಮಯವೂ ಒಂದು ಮಾತು ಕೊಟ್ಟ ಹಾಗೆ. ಕೊಟ್ಟ ಸಮಯದಲ್ಲಿ ಒಂದನ್ನು ಅವರು ಆರಿಸಿದ ಮೇಲೆ 'ಅಂದು ಆಗುವುದಿಲ್ಲ' ಎಂದರೆ ಮೊದಲನೇ ಕಾರಣವನ್ನೂ ಅವರು ನಂಬುವುದಿಲ್ಲ.

18ಕ್ಕೆ ಪರೀಕ್ಷೆ. 19 ಮತ್ತು 20 ಅವನಿಗೆ ಪೂರ್ತಿ ಬಿಡುವು. ಆದರೂ ಆ ಎರಡನ್ನೂ ಬಿಡಬೇಕೆಂದು ನಾನು ಹೇಳಿದೆ. ಕಾಮರ್ಸ್ ಓದುವವರಿಗೆ ಕಾರಣ ಹೊಳೆಯಬಹುದು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿಗಳಿಗೆ ಹಿಂದಿನ ತಿಂಗಳ ಜಿ.ಎಸ್.ಟಿ.ಆರ್-3ಬಿ ಸಲ್ಲಿಸಲು 20 ಕೊನೆಯ ದಿನ. ಮಾರಾಟದ ವಿವರ ಕೊಡುವ ಜಿ.ಎಸ್.ಟಿ.ಆರ್-1ಕ್ಕೆ 11 ಕೊನೆಯ ದಿನ. ನಮ್ಮ ಅಂಗಡಿಯ ಲೆಕ್ಕ ನೋಡುವವರು ಈ ತಾರೀಖುಗಳ ಹತ್ತಿರ ಫೋನ್ ಕೂಡ ಎತ್ತುವುದಿಲ್ಲ. ಆಡಿಟರ್ ಕಚೇರಿಯಲ್ಲಿ 19, 20ನೇ ತಾರೀಖು ಸಂದರ್ಶನ ಇಡಿ ಎಂದು ಕೇಳಿದರೆ ಆ ಕೆಲಸದ ಬಗ್ಗೆ ತಿಳಿದಿಲ್ಲ ಎಂದು ನಾವೇ ಬರೆದುಕೊಟ್ಟಂತೆ. ಬೇರೆ ಕೆಲಸಗಳಿಗೂ ಹೀಗೇ ಇರುತ್ತದೆ. ಬಟ್ಟೆ ಅಂಗಡಿಯಲ್ಲಿ ಹಬ್ಬದ ಹಿಂದಿನ ವಾರ, ಶಾಲೆಯಲ್ಲಿ ದಾಖಲಾತಿಯ ದಿನಗಳು, ಎಲ್ಲಾ ಕಚೇರಿಗಳಲ್ಲೂ ಸಂಬಳ ಹಾಕುವ ತಿಂಗಳ ಕೊನೆ.

ಹಾಗಾಗಿ ಮೂರನೆಯದು 22ರ ಸೋಮವಾರ ಬೆಳಿಗ್ಗೆ. ಅದಕ್ಕಿಂತ ಮುಂದೆ ಹೋಗಲಿಲ್ಲ. ಮೂಲ ದಿನದಿಂದ ಒಂದು ವಾರ ದಾಟಿದರೆ ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡುಬಿಡಬಹುದು.

ಶುಕ್ರವಾರದ ಬಗ್ಗೆ ಒಂದು ಮಾತು. ನಮ್ಮಲ್ಲಿ ಹಲವರಿಗೆ ಶುಕ್ರವಾರ ಮಧ್ಯಾಹ್ನ ಜುಮಾ ನಮಾಜು ಇರುತ್ತದೆ. ಅದನ್ನು ಪತ್ರದಲ್ಲಿ ವಿವರಿಸುವ ಅಗತ್ಯವಿಲ್ಲ. ಶುಕ್ರವಾರ ಕೊಡುವುದಾದರೆ ಬೆಳಿಗ್ಗೆ 10ರಿಂದ 12 ಅಥವಾ ಮಧ್ಯಾಹ್ನ 3ರ ನಂತರ ಎಂದು ಬರೆದರೆ ಮುಗಿಯಿತು. ಯಾವ ಸಮಯ ಆಗುವುದಿಲ್ಲ ಎಂದು ಪಟ್ಟಿ ಕೊಡುವುದಕ್ಕಿಂತ ಯಾವುದು ಆಗುತ್ತದೆ ಎಂದು ಹೇಳುವುದು ಎಲ್ಲರಿಗೂ ಸುಲಭ.

ಪತ್ರ

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ದರ್ಖಾಸ್ತ್ ಅಂದರೆ ವಿನಂತಿ. ಅದೇ ಪದ ಕನ್ನಡಕ್ಕೆ ಬಂದು, ತಾಲ್ಲೂಕು ಕಚೇರಿಯಲ್ಲಿ ಜಮೀನು ಮಂಜೂರಾತಿಗೆ ಹಾಕುವ ಅರ್ಜಿಗೆ ದರಖಾಸ್ತು ಎನ್ನುತ್ತಾರೆ. ಈ ಪತ್ರದಲ್ಲಿ ಎರಡೂ ಅರ್ಥ ಸೇರಬೇಕು ಎಂದು ನನಗೆ ಅನಿಸುತ್ತದೆ. ಮಾತು ವಿನಂತಿಯ ಹಾಗೆ ಮೃದುವಾಗಿರಬೇಕು, ವಿವರ ಕಚೇರಿಯ ಅರ್ಜಿಯ ಹಾಗೆ ಖಚಿತವಾಗಿರಬೇಕು.

ಭಾಯ್ ಮೊದಲು ಬರೆದ ಕರಡಿನಲ್ಲಿ ನಾಲ್ಕು ಕಡೆ ಕ್ಷಮೆ ಇತ್ತು, ಪರೀಕ್ಷೆಯ ವೇಳಾಪಟ್ಟಿ ತಡವಾಗಿ ಬಂದ ಕಥೆ ಇತ್ತು. ಸಮಯಗಳು ಕೊನೆಯ ಸಾಲಿನಲ್ಲಿ ಅಡಗಿದ್ದವು. ಖಾಲಾ ಅವರಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಇದನ್ನು ನಾನು ಮ್ಯಾನೇಜರ್‌ಗೆ ಹಾಗೇ ಫಾರ್ವರ್ಡ್ ಮಾಡಬಹುದಾ?" ಅದಾದ ಮೇಲೆ ಅವನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಪತ್ರದ ಕನ್ನಡ ರೂಪ ಇದು:

ವಿಷಯ: ಅಕೌಂಟ್ಸ್ ಅಸಿಸ್ಟೆಂಟ್ ಸಂದರ್ಶನ, ಜೂನ್ 16, ಬೆಳಿಗ್ಗೆ 11: ಸಮಯ ಬದಲಾವಣೆಗೆ ವಿನಂತಿ (ಅಭ್ಯರ್ಥಿಯ ಹೆಸರು)

ಮಾನ್ಯರೇ,

ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಸಂದರ್ಶನಕ್ಕೆ ಕರೆದಿದ್ದಕ್ಕೆ ಧನ್ಯವಾದಗಳು. ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ, ಸಂದರ್ಶನಕ್ಕೆ ಬರಲು ಬಯಸುತ್ತೇನೆ.

ಜೂನ್ 16, ಮಂಗಳವಾರ ಬೆಳಿಗ್ಗೆ 10ರಿಂದ 1ರವರೆಗೆ ನನ್ನ ಬಿ.ಕಾಂ. ಸೆಮಿಸ್ಟರ್ ಪರೀಕ್ಷೆ ಇರುವುದರಿಂದ ಅಂದು 11 ಗಂಟೆಗೆ ಬರಲು ಸಾಧ್ಯವಾಗುತ್ತಿಲ್ಲ. ತಮಗೆ ಅನುಕೂಲವಾದರೆ ಈ ಕೆಳಗಿನ ಯಾವುದಾದರೂ ಒಂದು ಸಮಯ ಕೊಡಬೇಕಾಗಿ ವಿನಂತಿ:

1. ಜೂನ್ 16, ಮಂಗಳವಾರ, ಮಧ್ಯಾಹ್ನ 3ರಿಂದ ಸಂಜೆ 5.30ರ ನಡುವೆ
2. ಜೂನ್ 17, ಬುಧವಾರ, ಬೆಳಿಗ್ಗೆ 10ರಿಂದ ಸಂಜೆ 5ರ ನಡುವೆ
3. ಜೂನ್ 22, ಸೋಮವಾರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರ ನಡುವೆ

ತಮ್ಮ ಉತ್ತರ ಬರುವವರೆಗೆ ಈ ಮೂರೂ ಸಮಯಗಳನ್ನು ಬಿಡುವಾಗಿ ಇಟ್ಟುಕೊಂಡಿರುತ್ತೇನೆ. ಇವು ಯಾವುವೂ ಹೊಂದದಿದ್ದರೆ ತಾವು ಸೂಚಿಸುವ ಸಮಯಕ್ಕೆ ಬರಲು ಪ್ರಯತ್ನಿಸುತ್ತೇನೆ. ಬೇಕಿದ್ದರೆ ಹಾಲ್ ಟಿಕೆಟ್ ಪ್ರತಿ ಕಳಿಸುತ್ತೇನೆ.

ಇದರಿಂದ ಆಗುವ ತೊಂದರೆಗೆ ಕ್ಷಮೆ ಇರಲಿ.

ತಮ್ಮ ವಿಶ್ವಾಸಿ,
(ಹೆಸರು, ಮೊಬೈಲ್ ಸಂಖ್ಯೆ)

ಇದರಲ್ಲಿ ನಾಲ್ಕು ವಿಷಯ ಗಮನಿಸಿ. ಒಂದು, ವಿಷಯದ ಸಾಲು ಓದಿದರೇ ಯಾರು, ಯಾವ ಹುದ್ದೆ, ಯಾವ ದಿನ ಎಂದು ತಿಳಿಯುತ್ತದೆ. ಎರಡು, ಕಾರಣಕ್ಕೆ ಒಂದೇ ವಾಕ್ಯ, ಕ್ಷಮೆ ಒಂದೇ ಸಲ. ಕಾರಣ ನಿಜವಾಗಿರುವಾಗ ಉದ್ದ ವಿವರಣೆ ಬೇಕಿಲ್ಲ. ಪರೀಕ್ಷೆ ಇದ್ದರೂ 'ಜ್ವರ' ಎಂದು ಬರೆಯುವವರಿದ್ದಾರೆ. ಜ್ವರ ಬಂದವನು ಬುಧವಾರ ಬರುತ್ತೇನೆ ಎಂದು ಹೇಗೆ ಹೇಳಬಲ್ಲ? ಮೂರು, ಪ್ರತಿ ಸಮಯಕ್ಕೂ ತಾರೀಖು ಮತ್ತು ವಾರ ಎರಡೂ ಇದೆ. ತಾರೀಖು ತಪ್ಪಿದರೆ ವಾರ ಅದನ್ನು ತೋರಿಸಿಕೊಡುತ್ತದೆ. '17, ಮಂಗಳವಾರ' ಎಂದು ಬರೆದಿದ್ದರೆ ಓದುವವರು ಯಾವುದನ್ನು ನಂಬಬೇಕು? ಕಳಿಸುವ ಮೊದಲು ಕ್ಯಾಲೆಂಡರ್ ಜೊತೆ ಒಮ್ಮೆ ತಾಳೆ ನೋಡಬೇಕು. ನಾಲ್ಕು, ಸಮಯಗಳಿಗೆ 1, 2, 3 ಎಂದು ಸಂಖ್ಯೆ ಹಾಕಿದೆ. ಮ್ಯಾನೇಜರ್ ಫೋನಿನಲ್ಲಿ ನೋಡಿ '2' ಎಂದಷ್ಟೇ ಉತ್ತರಿಸಬಹುದು.

ಪತ್ರವನ್ನು ಹೊಸ ಇಮೇಲ್ ಆಗಿ ಕಳಿಸಬಾರದು. ಅವರು ಕಳಿಸಿದ ಇಮೇಲ್‌ಗೇ ಉತ್ತರವಾಗಿ ಕಳಿಸಿದರೆ ಹಳೆಯ ವಿವರ ಕೆಳಗೇ ಇರುತ್ತದೆ. ಅದರಲ್ಲಿ ಬೇರೆಯವರ ಹೆಸರೂ ಇದ್ದರೆ ಎಲ್ಲರಿಗೂ ಹೋಗುವಂತೆ ಉತ್ತರಿಸಬೇಕು. ಕೆಲವು ಕಂಪನಿಗಳು ಗೂಗಲ್ ಕ್ಯಾಲೆಂಡರ್ ಆಹ್ವಾನ ಕಳಿಸುತ್ತವೆ, ಅದರಲ್ಲಿ Yes, No, Maybe ಎಂಬ ಬಟನ್‌ಗಳಿರುತ್ತವೆ. ಪತ್ರ ಬರೆಯದೆ No ಒತ್ತಿದರೆ ನಮಗೆ ಕೆಲಸವೇ ಬೇಡ ಎಂದು ಅವರು ತಿಳಿಯಬಹುದು. ಮೊದಲು ಪತ್ರ ಕಳಿಸಿ, ಅವರ ಉತ್ತರ ಬಂದ ಮೇಲೆ ಆ ಬಟನ್ ವಿಚಾರ.

ಕಳಿಸಿದ ಮೇಲೆ

ಭಾಯ್ ಶುಕ್ರವಾರ ಬೆಳಿಗ್ಗೆ 9.30ಕ್ಕೆ ಕಳಿಸಿದ. ಸಂಜೆ 4ರ ಹೊತ್ತಿಗೆ ಉತ್ತರ ಬಂತು. ಬುಧವಾರ 17, ಬೆಳಿಗ್ಗೆ 11.30. ಅಲ್ಲಿಗೆ ಮುಗಿಯಲಿಲ್ಲ. ಅವನು ಕೂಡಲೇ ಒಂದು ಸಾಲು ಬರೆದ: 'ಧನ್ಯವಾದಗಳು, ಜೂನ್ 17, ಬುಧವಾರ ಬೆಳಿಗ್ಗೆ 11.30ಕ್ಕೆ ತಮ್ಮ ಕಚೇರಿಗೆ ಬರುತ್ತೇನೆ.' ಈ ಸಾಲು ಇಲ್ಲದಿದ್ದರೆ ಹೊಸ ಸಮಯ ನಮಗೆ ತಲುಪಿದೆಯೋ ಇಲ್ಲವೋ ಎಂಬುದು ಅವರಿಗೆ ಗೊತ್ತಾಗುವುದಿಲ್ಲ.

ಉತ್ತರ ಬರದೇ ಇದ್ದಿದ್ದರೆ? ಸೋಮವಾರ ಬೆಳಿಗ್ಗೆ ಕಚೇರಿ ತೆರೆದ ಮೇಲೆ ಫೋನ್ ಮಾಡಿ, 'ಶುಕ್ರವಾರ ಒಂದು ಇಮೇಲ್ ಕಳಿಸಿದ್ದೆ, ತಮಗೆ ತಲುಪಿದೆಯೇ?' ಎಂದು ಕೇಳಬೇಕಿತ್ತು. ಒಂದು ವಿಷಯ ಮರೆಯಬಾರದು. ಕೇಳಿದ ಮಾತ್ರಕ್ಕೆ ಸಮಯ ಬದಲಾಗುವುದಿಲ್ಲ. ಅವರು ಒಪ್ಪಿ ತಿಳಿಸುವವರೆಗೆ ಹಳೆಯ ಸಮಯವೇ ಲೆಕ್ಕ. ಅಡ್ಡ ಬಂದಿರುವುದು ಮುಂದೂಡಬಹುದಾದ ಕೆಲಸವಾಗಿದ್ದು ಉತ್ತರ ಬರದಿದ್ದರೆ ಹಳೆಯ ಸಮಯಕ್ಕೇ ಹೋಗಬೇಕು. ಪರೀಕ್ಷೆಯಾಗಿದ್ದರೆ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡಬೇಕು.

ಕಾಲೇಜಿನ ಮೂಲಕ ಬಂದ ಸಂದರ್ಶನವಾದರೆ

ಮುಂದೆ ಡಿಗ್ರಿ ಕಾಲೇಜಿಗೆ ಹೋದಾಗ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಸಂದರ್ಶನಗಳು ಬರುತ್ತವೆ. ಆಗ ಕಂಪನಿಗೆ ನೇರವಾಗಿ ಬರೆಯಬಾರದು. ನಮ್ಮ ಪರವಾಗಿ ವಿನಂತಿ ಮಾಡಿ ಎಂದು ಆ ಅಧಿಕಾರಿಯನ್ನು ವಿನಂತಿಸಬೇಕು. ಪರಿಚಯದವರೊಬ್ಬರು ಹೇಳಿ ಕೊಡಿಸಿದ ಸಂದರ್ಶನವಾದರೂ ಹೀಗೆಯೇ. ಮೊದಲು ಅವರಿಗೆ ತಿಳಿಸಿ, ಅವರು ಹೇಳಿದಂತೆ ಮಾಡಬೇಕು, ಇಲ್ಲದಿದ್ದರೆ ಅವರ ಮಾತಿಗೆ ಬೆಲೆ ಹೋಗುತ್ತದೆ. ಮಧ್ಯದಲ್ಲಿ ಇನ್ನೊಬ್ಬರಿರುವಾಗ ಮಾತು ಬದಲಾಗುವ ಸಂಭವ ಹೆಚ್ಚು. 'ಹುಡುಗನಿಗೆ ಅಂದು ಆಗಲ್ಲವಂತೆ' ಎಂದಷ್ಟೇ ಆ ಕಡೆ ತಲುಪಬಹುದು. ಆದ್ದರಿಂದ ಕಾರಣದ ಒಂದು ವಾಕ್ಯ ಮತ್ತು ಸಂಖ್ಯೆ ಹಾಕಿದ ಮೂರು ಸಮಯಗಳನ್ನು ಬರೆದೇ ಕೊಡಬೇಕು. ಅವರು ಅದನ್ನು ಹಾಗೆಯೇ ಮುಂದಕ್ಕೆ ಕಳಿಸಬಹುದು.

ಎಲ್ಲಿ ಕೇಳಿ ಪ್ರಯೋಜನವಿಲ್ಲ?

ಎಲ್ಲಾ ಸಂದರ್ಶನಗಳ ಸಮಯ ಬದಲಾಗುವುದಿಲ್ಲ. ಬ್ಯಾಂಕು ಮತ್ತು ಸರ್ಕಾರಿ ನೇಮಕಾತಿಯ ಕರೆಪತ್ರದಲ್ಲಿ ದಿನ, ಸಮಯದ ಬದಲಾವಣೆಗೆ ಅವಕಾಶವಿಲ್ಲ ಎಂದು ಸಾಮಾನ್ಯವಾಗಿ ಬರೆದೇ ಇರುತ್ತಾರೆ. ಹಾಗಾಗಿ ಮೊದಲು ಕರೆಪತ್ರವನ್ನು ಪೂರ್ತಿ ಓದಬೇಕು. ಕಂಪನಿಯ ತಂಡ ಒಂದು ದಿನಕ್ಕೆಂದು ಕಾಲೇಜಿಗೆ ಬರುವ ಕ್ಯಾಂಪಸ್ ಸಂದರ್ಶನದಲ್ಲಿ ಬೇರೆ ದಿನ ಸಿಗುವುದು ಕಷ್ಟ. ಅಲ್ಲಿ ಅದೇ ದಿನದಲ್ಲಿ ಬೇರೆ ಗಂಟೆ ಕೇಳುವುದೇ ಸರಿ. ವಾಕ್-ಇನ್ ಸಂದರ್ಶನಕ್ಕೆ ಪತ್ರವೇ ಬೇಕಿಲ್ಲ, ಅವರು ಹೇಳಿದ ಅವಧಿಯೊಳಗೆ ಯಾವಾಗ ಬೇಕಾದರೂ ಹೋಗಬಹುದು.

ಎರಡು ಸಂದರ್ಶನಗಳು ಒಂದೇ ಹೊತ್ತಿಗೆ ಬಂದರೆ ಮೊದಲು ಒಪ್ಪಿಕೊಂಡದ್ದನ್ನು ಹಾಗೆಯೇ ಇಟ್ಟು, ಎರಡನೆಯವರ ಹತ್ತಿರ ಸಮಯ ಕೇಳುವುದು ನ್ಯಾಯ. ಅವರಿಗೆ ಇನ್ನೊಂದು ಕಂಪನಿಯ ಹೆಸರು ಹೇಳಬೇಕಾಗಿಲ್ಲ. 'ಆ ಸಮಯಕ್ಕೆ ಈಗಾಗಲೇ ಒಪ್ಪಿಕೊಂಡ ಕೆಲಸವಿದೆ' ಎಂದರೆ ಸಾಕು, ಅದು ನಿಜವೂ ಹೌದು. ಒಂದು ಕಚೇರಿಯಲ್ಲಿ ಒಂದು ಸಲ ಮಾತ್ರ ಹೀಗೆ ಕೇಳಬಹುದು. ಎರಡನೇ ಸಲ ಕೇಳಿದವರ ಅರ್ಜಿಯನ್ನು ಪಕ್ಕಕ್ಕೆ ಇಡುತ್ತೇವೆ ಎಂದು ಖಾಲಾ ನೇರವಾಗಿಯೇ ಹೇಳಿದರು.

ಪತ್ರ ಬರೆದು ಮುಗಿಸಿದ ಮೇಲೆ ಕಳಿಸುವ ಮೊದಲು ಅದನ್ನು ಓದುವವರ ಜಾಗದಲ್ಲಿ ಕೂತು ಒಮ್ಮೆ ನೋಡಿ. ಇನ್ನೇನನ್ನೂ ಕೇಳದೆ ಬರೀ ಒಂದು ಅಂಕಿಯಲ್ಲಿ ಅವರು ಉತ್ತರ ಕೊಡಬಹುದಾದರೆ ಪತ್ರ ಸರಿಯಾಗಿದೆ. ಕಳಿಸಬಹುದು.